ವಾರ್ಡಿನಲ್ಲಿ ಮೊದಲ ಮಾತು

ಹೊಸದಾಗಿ ಒಂದು ವಾರ್ಡಿಗೆ ಸೇರಿದ ದಾದಿಯು ಮೊದಲ ದಿನ ಬೆಳಿಗ್ಗೆ, ರಾತ್ರಿಯ ಪಾಳಿಯವರು ಕೆಲಸ ಒಪ್ಪಿಸುವ ಹೊತ್ತಿನಲ್ಲಿ, ಎಲ್ಲರ ಮುಂದೆ ನಿಂತು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳಬೇಕಾಗುತ್ತದೆ. ಇದು ಒಂದು ನಿಮಿಷದ ಕೆಲಸ. ಇದರಲ್ಲಿ ಬರೆಯುವಂಥದು ಏನಿದೆ ಎಂದು ವಾಚಕರು ಕೇಳಿದರೆ ಅದು ನ್ಯಾಯವೇ. ಆದರೆ ಈ ಒಂದು ನಿಮಿಷದಲ್ಲಿ ಆಡಿದ ಮಾತಿನ ಮೇಲೆ, ಆಡದೆ ಬಿಟ್ಟ ಮಾತಿನ ಮೇಲೆ, ಆ ದಿನ ಯಾವ ಹಾಸಿಗೆಯ ರೋಗಿ ಯಾರ ಕೈಗೆ ಬೀಳುತ್ತಾನೆ ಎಂಬುದು ಗೊತ್ತಾಗುತ್ತದೆ. ಹನ್ನೊಂದು ವರ್ಷ ಬೇರೆ ಬೇರೆ ಕಡೆ ದುಡಿದು ನಮ್ಮ ಜಿಲ್ಲೆಗೆ ಹಿಂದಿರುಗಿದ ಮೇಲೆ ನನಗೆ ಇದು ಮನದಟ್ಟಾಯಿತಾದ್ದರಿಂದ ಬರೆಯುತ್ತಿದ್ದೇನೆ.

ದಾದಿ ಎಂಬ ಮಾತನ್ನು ನಾನು ತಿಳಿದೇ ಬಳಸಿದ್ದೇನೆ. ಸರ್ಕಾರದ ಕಾಗದಗಳಲ್ಲಿ ಈಗ ನಾವು ಶುಶ್ರೂಷಾಧಿಕಾರಿಗಳು. ಪೇಟೆಯ ರೋಗಿಗಳ ಬಾಯಲ್ಲಿ ಸಿಸ್ಟರು. ಶ್ರೀನಿವಾಸಪುರದ ಕಡೆಯ ಮುದುಕಿಯರ ಬಾಯಲ್ಲಿ ನರ್ಸಮ್ಮ. ಅಧಿಕಾರಿಯಾದೆನೆಂಬ ಸಂತೋಷ ನನಗೂ ಉಂಟು. ಆದರೆ ನಡುರಾತ್ರಿಯಲ್ಲಿ ನೀರಿಗಾಗಿ ಕೂಗುವವರಾರೂ ಅಧಿಕಾರಿಯನ್ನು ಕೂಗುವುದಿಲ್ಲ.

ಬೆಳಗಿನ ಪಾಳಿ ಎಂಟು ಗಂಟೆಗೆ ಆರಂಭವಾಗಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಎರಡರಿಂದ ರಾತ್ರಿ ಎಂಟರವರೆಗೆ ಎರಡನೆಯದು. ಎಂಟರಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ ರಾತ್ರಿಯದು. ಹಾಗಾಗಿ ಬೆಳಿಗ್ಗೆ ಎಂಟು ಗಂಟೆಯ ಹೊತ್ತು ಎರಡು ಬಗೆಯ ಜನ ಕೂಡುವ ಹೊತ್ತು. ಹನ್ನೆರಡು ಗಂಟೆ ಎಚ್ಚರವಿದ್ದು ಕಣ್ಣು ಕೆಂಪಾದವರು ಒಂದು ಕಡೆ. ಅವರಲ್ಲಿ ಒಬ್ಬಳಿಗೆ ಮುಳಬಾಗಿಲಿನ ಬಸ್ಸು ತಪ್ಪುವ ಭಯ, ಇನ್ನೊಬ್ಬಳಿಗೆ ಮಗುವನ್ನು ಶಾಲೆಗೆ ಕಳುಹಿಸುವ ಅವಸರ. ಮಿಂದು ತಲೆಬಾಚಿ ಬಂದವರು ಮತ್ತೊಂದು ಕಡೆ. ನಡುವೆ ಮೇಜಿನ ಮೇಲೆ ರಿಪೋರ್ಟ್ ಪುಸ್ತಕ ತೆರೆದಿರುತ್ತದೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರು ಅದರ ಬಳಿ ನಿಂತಿರುತ್ತಾರೆ. ಯಾರೂ ಕುಳಿತುಕೊಳ್ಳುವುದಿಲ್ಲ. ಮೊದಲು ಪುಸ್ತಕವನ್ನು ಓದಿ, ಬಳಿಕ ಹಾಸಿಗೆಯಿಂದ ಹಾಸಿಗೆಗೆ ನಡೆದು ರೋಗಿಯನ್ನು ನೋಡಿ ಒಪ್ಪಿಸಿಕೊಳ್ಳುವುದು ಪದ್ಧತಿ. ಹೊಸಬಳ ಪರಿಚಯ ಈ ಎರಡರ ಮುಂಚೆ ನಡೆಯಬೇಕು. ಏಕೆಂದರೆ ಪುಸ್ತಕ ಓದುತ್ತಿರುವಾಗಲೇ ಇನ್‌ಚಾರ್ಜ್ ಸಿಸ್ಟರು ಮನಸ್ಸಿನಲ್ಲಿ ಹಾಸಿಗೆಗಳನ್ನು ಹಂಚುತ್ತಿರುತ್ತಾರೆ.

ನಾನು ಈ ವರ್ಷಗಳಲ್ಲಿ ಅನೇಕ ಪರಿಚಯಗಳನ್ನು ಕೇಳಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಎರಡೇ ಜಾತಿಯವು. ಒಂದು, ಹೆಸರು ಹೇಳಿ ನಾಚಿ ಹಿಂದೆ ಸರಿಯುವುದು. ಎರಡನೆಯದು ಬೀಗರ ಮನೆಯ ಪರಿಚಯ: ಹುಟ್ಟೂರು, ತವರೂರು, ಯಜಮಾನರ ಉದ್ಯೋಗ, ಮಕ್ಕಳೆಷ್ಟು, ಬಾಡಿಗೆ ಮನೆ ಎಲ್ಲಿ. ಕೇಳುವವರಿಗೂ ಇದೇ ಇಷ್ಟ; ನೀವು ಯಾವ ಕಡೆಯವರು ಎಂಬ ಪ್ರಶ್ನೆ ಒಂದು ಸುತ್ತು ಹೆಚ್ಚಾಗಿ ತಿರುಗಿ ಜಾತಿಯ ಬಾಗಿಲಿಗೆ ಬಂದು ನಿಲ್ಲುವುದೂ ಉಂಟು. ಚಹಾದ ಹೊತ್ತಿಗೆ ಇದೆಲ್ಲ ಹೇಗೂ ತಿಳಿಯತಕ್ಕದ್ದೇ. ಆದರೆ ಎಂಟು ಗಂಟೆಯ ಹೊತ್ತಿಗೆ ವಾರ್ಡಿಗೆ ಬೇಕಾದದ್ದು ಹೊಸಬಳ ಕೈ ಯಾವ ಕೆಲಸವನ್ನು ಬಲ್ಲುದು, ಯಾವುದನ್ನು ಅರಿಯದು ಎಂಬ ವಿವರ. ಅದನ್ನು ಹೇಳುವವರು ಕಡಿಮೆ. ಕೇಳುವವರು ಇನ್ನೂ ಕಡಿಮೆ.

ಕೋಲಾರದ ಒಂದು ಆಸ್ಪತ್ರೆಯ ಹೆಂಗಸರ ವೈದ್ಯಕೀಯ ವಾರ್ಡಿಗೆ ನಾನು ಸೇರಿದುದು ಒಂದು ಮಂಗಳವಾರ. ಅಂದು ನಾನು ಹೇಳಿದ ಮಾತು ಹೀಗಿತ್ತು. ಹೆಸರನ್ನು ಹೇಳಿದ ಮೇಲೆ: “ಜನರಲ್ ನರ್ಸಿಂಗ್ ಓದಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದ್ದೇನೆ. ಏಳು ವರ್ಷ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ, ನಾಲ್ಕು ವರ್ಷ ತುರ್ತು ಚಿಕಿತ್ಸೆಯಲ್ಲಿ ಇದ್ದೆ. ರಕ್ತ ಕೊಡುವುದು, ಹಾವು ಕಡಿದವರಿಗೆ ಆಂಟಿವೆನಮ್ ಕೊಟ್ಟು ನೋಡಿಕೊಳ್ಳುವುದು, ವಿಷದ ಕೇಸುಗಳಿಗೆ ಅಟ್ರೋಪಿನ್ ಡ್ರಿಪ್ ನಡೆಸುವುದು ನನಗೆ ಅಭ್ಯಾಸವಿದೆ. ವೆಂಟಿಲೇಟರಿನ ಮೇಲಿರುವ ರೋಗಿಯನ್ನು ನಾನು ಒಬ್ಬಳೇ ನೋಡಿಕೊಂಡಿಲ್ಲ. ಜತೆಯಲ್ಲಿ ಒಬ್ಬರು ಇರಬೇಕು. ನಿಮ್ಮಲ್ಲಿರುವ ಸಿರಿಂಜ್ ಪಂಪು ನಾನು ಬಳಸಿದ್ದಲ್ಲ. ಒಂದು ಸಲ ತೋರಿಸಿಕೊಡಬೇಕು. ಕನ್ನಡ, ತೆಲುಗು ಎರಡೂ ನನಗೆ ಮನೆಯ ಮಾತೇ. ತಮಿಳು ತಿಳಿಯುತ್ತದೆ, ಆಡಲು ಬಾರದು. ಉರ್ದು ನಾಲ್ಕು ಮಾತು. ತುರ್ತು ಔಷಧದ ಟ್ರಾಲಿ ಎಲ್ಲಿದೆ, ವೈದ್ಯರನ್ನು ಕರೆಯುವ ಕ್ರಮ ಹೇಗೆ, ಇವೆರಡನ್ನು ಮೊದಲು ತಿಳಿಸಿದರೆ ಉಪಕಾರ.”

ಇಷ್ಟೇ. ಗಡಿಯಾರ ನೋಡಿದ್ದರೆ ಒಂದು ನಿಮಿಷವೂ ಆಗಿರಲಾರದು.

ಇದರಲ್ಲಿ ಆಡುವುದಕ್ಕೆ ಕಷ್ಟವಾದ ಮಾತು ಬಾರದೆಂಬ ಮಾತು. ನಮ್ಮ ಕಡೆ ಇದನ್ನು ಒಂದು ತಪ್ಪೊಪ್ಪಿಗೆಯಂತೆ ಕೇಳುತ್ತಾರೆ. ನನ್ನ ಹಿಂದೆ ನಿಂತಿದ್ದ ಇಬ್ಬರು ಹುಡುಗಿಯರು, ಹನ್ನೊಂದು ವರ್ಷವಾಗಿಯೂ ವೆಂಟಿಲೇಟರು ಬರುವುದಿಲ್ಲವಂತೆ ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಅವರ ಮೇಲೆ ನನಗೆ ಕೋಪವಿಲ್ಲ. ಆ ವಯಸ್ಸಿನಲ್ಲಿ ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆನೇನೋ. ಆದರೆ ಬಾರದ್ದನ್ನು ಬೆಳಿಗ್ಗೆ ಎಂಟು ಗಂಟೆಗೆ ಹೇಳುವುದಕ್ಕೂ, ಹನ್ನೊಂದೂವರೆಗೆ ಯಂತ್ರವು ಕೂಗತೊಡಗಿದಾಗ ಹೇಳುವುದಕ್ಕೂ ಬಹಳ ಅಂತರವಿದೆ. ಎಂಟು ಗಂಟೆಗೆ ಹೇಳಿದರೆ ಹಾಸಿಗೆ ಬದಲಾಗುತ್ತದೆ. ಇನ್‌ಚಾರ್ಜ್ ಸಿಸ್ಟರು ಕೇರಳದ ಕಡೆಯವರು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ಊರಿನಲ್ಲಿದ್ದವರು, ನನ್ನ ಮಾತು ಮುಗಿದ ಕೂಡಲೇ ಒಂದೇ ಪ್ರಶ್ನೆ ಕೇಳಿದರು: “ಅಟ್ರೋಪಿನ್ ನೋಡಿಕೊಳ್ಳುವಾಗ ಏನೇನು ನೋಡುತ್ತೀರಿ?” ಬಲ್ಲೆನೆಂದವಳನ್ನು ಅಲ್ಲಿಯೇ ಒರೆಗೆ ಹಚ್ಚುವ ಈ ಪದ್ಧತಿ ಒಳ್ಳೆಯದು. ನಾನು ಹೇಳಿದೆ: ಎದೆಯಲ್ಲಿ ನೀರಿನ ಸದ್ದು ಇದೆಯೇ, ನಾಡಿ ಎಂಬತ್ತರ ಮೇಲಿದೆಯೇ, ಕಂಕುಳು ಒಣಗಿದೆಯೇ, ಕಣ್ಣಿನ ಪಾಪೆ ಸೂಜಿಮೊನೆಯಷ್ಟೇ ಇದೆಯೋ ಅಗಲವಾಗಿದೆಯೋ, ರಕ್ತದ ಒತ್ತಡ ಎಷ್ಟು. ಮದ್ದು ಹೆಚ್ಚಾದರೆ ಜ್ವರ, ಬಡಬಡಿಕೆ, ಹೊಟ್ಟೆಯ ಸದ್ದು ನಿಲ್ಲುವುದು, ಮೂತ್ರ ಕಟ್ಟುವುದು. ಅವರು ತಲೆದೂಗಿ, “ಏಳರಿಂದ ಹನ್ನೆರಡರವರೆಗೆ ನೀವು,” ಎಂದು ಪುಸ್ತಕದಲ್ಲಿ ಬರೆದುಕೊಂಡರು.

ಈ ಪ್ರಶ್ನೆ ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಏಕೆ ಬರುತ್ತದೆಂಬುದನ್ನು ಓದುಗರಿಗೆ ವಿವರಿಸಬೇಕಾದುದಿಲ್ಲ. ಟೊಮ್ಯಾಟೊ, ಮಾವು, ತರಕಾರಿ ಬೆಳೆಯುವ ಸೀಮೆ. ಬೆಳೆಗೆ ಹೊಡೆಯುವ ಔಷಧ ಮನೆಯ ಮೂಲೆಯಲ್ಲಿಯೋ ಪಂಪಿನ ಮನೆಯ ಗೂಡಿನಲ್ಲಿಯೋ ಇದ್ದೇ ಇರುತ್ತದೆ. ರಂಜಕಯುಕ್ತ ಕೀಟನಾಶಕ ಎಂದು ಪುಸ್ತಕಗಳು ಕರೆಯುವ ಜಾತಿಯ ವಿಷ ಮೈಸೇರಿದರೆ, ನರವು ಸ್ನಾಯುವಿಗೂ ಗ್ರಂಥಿಗೂ ಸುದ್ದಿ ಮುಟ್ಟಿಸುವ ರಸವು ಕರಗದೆ ಉಳಿದುಬಿಡುತ್ತದೆ. ಆಗ ಬಾಯಿ, ಕಣ್ಣು, ಶ್ವಾಸಕೋಶ ಎಲ್ಲವೂ ನೀರಾಗಿ ಹರಿಯತೊಡಗುತ್ತವೆ. ರೋಗಿಯು ತನ್ನೊಳಗಿನ ನೀರಿನಲ್ಲಿಯೇ ಮುಳುಗುತ್ತಾನೆ. ಅಟ್ರೋಪಿನ್ ಈ ಹರಿವನ್ನು ನಿಲ್ಲಿಸುವ ಮದ್ದು. ಒಂದು ಆಂಪೂಲಿನಲ್ಲಿ 0.6 ಮಿಲಿಗ್ರಾಂ ಇರುತ್ತದೆ. ಬೇರೆ ಕಾಯಿಲೆಗೆ ಒಂದೆರಡು ಆಂಪೂಲು ಸಾಕಾದೀತು. ಇಲ್ಲಿ ಮೂರರಿಂದ ಐದು ಆಂಪೂಲಿನಿಂದ ಆರಂಭಿಸಿ, ಐದೈದು ನಿಮಿಷಕ್ಕೆ ಇಮ್ಮಡಿ ಮಾಡುತ್ತ, ಎದೆಯ ಸದ್ದು ಸ್ವಚ್ಛವಾಗುವವರೆಗೆ ಕೊಡುತ್ತಾರೆ. ಹಾಗೆ ಕೊಟ್ಟುದು ಮೂವತ್ತು ಆಂಪೂಲು, ಎಂದರೆ 18 ಮಿಲಿಗ್ರಾಂ ಆಯಿತೆನ್ನಿ. ಅದರ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದವರೆಗೆ, ಗಂಟೆಗೆ ಮೂರರಿಂದ ಆರು ಆಂಪೂಲು, ಡ್ರಿಪ್ಪಿನಲ್ಲಿ ನಡೆಸಿ ಮೆಲ್ಲನೆ ಇಳಿಸುತ್ತ ಹೋಗುವುದು ಕ್ರಮ. ಮುಚ್ಚಳದಂತೆ ಒಂದೊಂದಾಗಿ ಮುರಿದ ಆ ಗಾಜಿನ ಕುತ್ತಿಗೆಗಳು ತಟ್ಟೆಯಲ್ಲಿ ರಾಶಿಯಾಗಿ ಬಿದ್ದಿರುವುದನ್ನು ಕಂಡು ಹೊಸ ವಿದ್ಯಾರ್ಥಿನಿಯರು ಹೆದರುವುದುಂಟು.

ಒಂಬತ್ತನೆಯ ಹಾಸಿಗೆಯಲ್ಲಿದ್ದವಳು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಗೃಹಿಣಿ. ಮೂವತ್ತರ ಒಳಗಿನ ವಯಸ್ಸು. ವಿಷ ಹೇಗೆ ಮೈಸೇರಿತೆಂಬುದನ್ನು ಬರೆಯುವುದು ನನ್ನ ಕೆಲಸವಲ್ಲ. ಭಾನುವಾರ ಸಂಜೆ ಕರೆತಂದಿದ್ದರು. ಮಂಗಳವಾರ ಬೆಳಿಗ್ಗೆಗೆ ಮೂವತ್ತಾರು ಗಂಟೆ ಆಗಿತ್ತು. ಮೊದಲ ರಾತ್ರಿಯ ಗಂಡಾಂತರ ಕಳೆದಿತ್ತು, ಅಟ್ರೋಪಿನ್ ಇಳಿಸುತ್ತಿದ್ದರು, ಮೂಗಿಗೆ ಆಮ್ಲಜನಕದ ನಳಿಕೆ ಇತ್ತು, ಬೆರಳಿನ ಯಂತ್ರ 97 ತೋರಿಸುತ್ತಿತ್ತು. ರಿಪೋರ್ಟ್ ಪುಸ್ತಕದಲ್ಲಿ ರಾತ್ರಿಯ ದಾದಿ ಬರೆದಿದ್ದುದು ಎರಡೇ ಸಾಲು: ರೋಗಿ ಸುಧಾರಿಸುತ್ತಿದ್ದಾಳೆ, ತಲೆಭಾರ ಎಂದಳು, ಪ್ಯಾರಾಸಿಟಮಾಲ್ ಕೊಡಲಾಯಿತು. ಬರೆದವಳು ಒಳ್ಳೆಯ ಹುಡುಗಿ, ಹಾಸನದ ಕಡೆಯವಳು, ಕೆಲಸದಲ್ಲಿ ಶ್ರದ್ಧೆಯುಳ್ಳವಳು. ಅವಳಿಗೆ ತೆಲುಗು ಬಾರದು. ಅಷ್ಟು ಮಾತನ್ನು ಅವಳಿಗೆ ಕನ್ನಡಿಸಿದವಳು ವಾರ್ಡಿನ ಆಯಾ.

ಇಲ್ಲಿ ಭಾಷೆಯ ವಿಷಯವಾಗಿ ಸ್ವಲ್ಪ ಹೇಳಬೇಕು. ನಮ್ಮ ಜಿಲ್ಲೆ ಮೂರು ರಾಜ್ಯಗಳ ಸಂಧಿಯಲ್ಲಿದೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ತೆಲುಗು ಮನೆಮಾತು. ಮಾಲೂರಿನಿಂದ ಹೊಸೂರಿನ ಕಡೆಗೆ ಹೋದರೆ ತಮಿಳು ಕೇಳಿಸುತ್ತದೆ. ಪೇಟೆಗಳಲ್ಲೆಲ್ಲ ದಖ್ಖನಿ ಉರ್ದು ಇದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳೆಂಬುದೂ, ಅವರು ಕನ್ನಡದ ಸಣ್ಣಕತೆಗೆ ತಂದೆಯಂತಾದರೆಂಬುದೂ ಈ ಪತ್ರಿಕೆಯ ಓದುಗರಿಗೆ ತಿಳಿದ ಸಂಗತಿ. ನಾಲ್ಕು ಭಾಷೆಗಳಲ್ಲಿ ವ್ಯಾಪಾರ ಮಾಡುವುದು, ಜಗಳವಾಡುವುದು ನಮಗೆ ಕಷ್ಟವಲ್ಲ. ಆದರೆ ನೋವನ್ನು ಹೇಳುವಾಗ ಜನ ತಾಯಿಯ ಮಾತಿಗೆ ಹಿಂದಿರುಗುತ್ತಾರೆ. ಆ ಮಾತುಗಳು ನಿಘಂಟಿನಲ್ಲಿರುವಂತೆ ಒಂದಕ್ಕೊಂದು ಸರಿಹೊಂದುವುದಿಲ್ಲ. ನಮ್ಮ ಹೆಂಗಸರು ಸಂಕಟ ಎಂದರೆ ವಾಂತಿ ಬರುವಂತಿರುವುದೂ ಆಗಬಹುದು, ಎದೆ ಹಿಡಿದಂತಾಗುವುದೂ ಆಗಬಹುದು. ಘಬ್ರಾಹಟ್ ಎಂದವಳಿಗೆ ಭಯವಾಗಿದೆಯೋ, ನಾಡಿ ಓಡುತ್ತಿದೆಯೋ ನೋಡಿಯೇ ತಿಳಿಯಬೇಕು. ಆದಕಾರಣ ಯಾವ ಭಾಷೆ ಬರುತ್ತದೆಂದು ಹೇಳುವುದು ನಮ್ಮ ಕಡೆಯ ದಾದಿಯ ಪರಿಚಯದಲ್ಲಿ ಅಲಂಕಾರವಲ್ಲ; ರಕ್ತ ಕೊಡಲು ಬರುತ್ತದೆಂದು ಹೇಳಿದಷ್ಟೇ ಅಗತ್ಯ. ಎಷ್ಟು ಬರುತ್ತದೆಂಬುದನ್ನೂ ಹೇಳಬೇಕು. ತಮಿಳು ಗೊತ್ತು ಎಂದು ಸುಮ್ಮನೆ ಹೇಳಿದ್ದರೆ ಮಾಲೂರಿನ ಕಡೆಯ ಮುದುಕಿಯೊಬ್ಬಳಿಗೆ ಇನ್ಸುಲಿನ್ ಹಾಕಿಕೊಳ್ಳುವ ಕ್ರಮವನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ನಾನು ಅರ್ಧಂಬರ್ಧ ಹೇಳಿ, ಅವಳು ಅರ್ಧಂಬರ್ಧ ತಿಳಿದು, ಮನೆಗೆ ಹೋದ ಮೇಲೆ ಏನಾಗುತ್ತಿತ್ತೋ.

ಹಾಸಿಗೆಗಳ ಬಳಿ ನಡೆದು ಒಂಬತ್ತನೆಯದಕ್ಕೆ ಬಂದೆವು. ದಾದಿಯ ಪರಿಚಯ ಎರಡು ಸಲ ನಡೆಯಬೇಕು: ಒಮ್ಮೆ ಜತೆಗಾರರಿಗೆ, ಇನ್ನೊಮ್ಮೆ ರೋಗಿಗೆ. ಎರಡನೆಯದು ನಮ್ಮ ಆಸ್ಪತ್ರೆಗಳಲ್ಲಿ ಬಹುಮಟ್ಟಿಗೆ ನಡೆಯುವುದೇ ಇಲ್ಲ. ಇಂಗ್ಲೆಂಡಿನಲ್ಲಿಯೂ ನಡೆಯುತ್ತಿರಲಿಲ್ಲವೆಂದು ತೋರುತ್ತದೆ. ಕೇಟ್ ಗ್ರೇಂಜರ್ ಎಂಬ ವೈದ್ಯೆ ತಾನೇ ಕ್ಯಾನ್ಸರಿನ ರೋಗಿಯಾಗಿ 2013ರಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ತನ್ನನ್ನು ನೋಡಲು ಬರುವವರಲ್ಲಿ ಅನೇಕರು ಹೆಸರನ್ನೇ ಹೇಳುತ್ತಿಲ್ಲವೆಂಬುದನ್ನು ಗಮನಿಸಿದರು. ರೋಗಿಯ ಬಳಿ ಬರುವ ಪ್ರತಿಯೊಬ್ಬರೂ ಮೊದಲು ಹೆಸರು ಹೇಳಬೇಕೆಂದು ಅವರು ಆರಂಭಿಸಿದ ಪ್ರಚಾರ ಆ ದೇಶದ ಆಸ್ಪತ್ರೆಗಳಲ್ಲಿ ಹಬ್ಬಿತು. 2016ರಲ್ಲಿ ಅವರು ತೀರಿಕೊಂಡರು. ಅದಕ್ಕೆ ಮೊದಲೇ, 2008ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಚಿಕಿತ್ಸೆಗಾಗಿ ಹೊರಡಿಸಿದ ಪಟ್ಟಿಯಲ್ಲಿ ಕತ್ತಿಯನ್ನು ಚರ್ಮಕ್ಕೆ ಮುಟ್ಟಿಸುವ ಮುನ್ನ ಕೋಣೆಯಲ್ಲಿರುವವರೆಲ್ಲರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳಬೇಕೆಂಬ ಒಂದು ಅಂಶವಿತ್ತು. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿದ್ದಾಗ ಇದನ್ನು ನಾನು ಕಂಡಿದ್ದೇನೆ. ಪ್ರತಿದಿನ ಮುಖ ನೋಡುವವರು ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳುವುದು ನಗೆಗೀಡಾದ ಕೆಲಸವೆಂದು ಮೊದಮೊದಲು ತೋರುತ್ತಿತ್ತು. ಆದರೆ ಒಮ್ಮೆ ಬಾಯಿ ತೆರೆದವಳು ಆಮೇಲೆ ಬಟ್ಟೆಯ ಲೆಕ್ಕ ಒಂದು ಕಡಿಮೆಯಿದೆ ಸರ್ ಎಂದು ಹೇಳಲು ಅಂಜುವುದಿಲ್ಲ. ಆ ಪದ್ಧತಿಯ ಪ್ರಯೋಜನ ಇಲ್ಲಿದೆ.

ಒಂಬತ್ತನೆಯ ಹಾಸಿಗೆಯವಳಿಗೆ ನಾನು ತೆಲುಗಿನಲ್ಲಿಯೇ ನನ್ನ ಹೆಸರು ಹೇಳಿ, ಮಧ್ಯಾಹ್ನದ ತನಕ ನಾನು ನಿನ್ನನ್ನು ನೋಡಿಕೊಳ್ಳುವವಳು, ತಲೆ ಎಲ್ಲಿ ನೋಯುತ್ತದೆಯಮ್ಮ ಎಂದು ಕೇಳಿದೆ. ಅವಳು ಮೆಲ್ಲನೆ, ಮೂಗಿನಿಂದ ಬಂದಂತಹ ದನಿಯಲ್ಲಿ, “ನೊಪ್ಪಿ ಲೇದಕ್ಕಾ, ತಲ ಎತ್ತಲೇಕಪೋತುನ್ನಾನು,” ಎಂದಳು. ನೋವಿಲ್ಲ ಅಕ್ಕ, ತಲೆ ಎತ್ತಲಾಗುತ್ತಿಲ್ಲ. ರಾತ್ರಿ ಅವಳು ಹೇಳಿದ್ದು ತಲ ಬರುವುಗಾ ಉಂದಿ ಎಂದಿರಬೇಕು. ತಲೆ ಭಾರವಾಗಿದೆ ಎಂದು ಆಯಾ ಅದನ್ನು ಕನ್ನಡಿಸಿದ್ದು ಅಕ್ಷರಶಃ ಸರಿ. ಕನ್ನಡದಲ್ಲಿ ತಲೆಭಾರ ಎಂದರೆ ನೆಗಡಿಯವರ ತಲೆನೋವು. ಇವಳ ತಲೆ ನಿಜವಾಗಿಯೂ ಭಾರವಾಗಿತ್ತು. ಅದನ್ನು ಹೊರುವ ಕೊರಳು ಸೋತಿತ್ತು.

ಈ ವಿಷದಲ್ಲಿ ಎರಡು ಗಂಡಾಂತರಗಳಿವೆ. ಮೊದಲನೆಯದು ನೀರಿನದು, ಅದಕ್ಕೆ ಅಟ್ರೋಪಿನ್ ಇದೆ. ಎರಡನೆಯದು ಮೊದಲಿನದು ಕಳೆದು ಮನೆಯವರ ಮುಖದಲ್ಲಿ ನಗು ಮೂಡಿದ ಮೇಲೆ, ಒಂದು ದಿನದಿಂದ ನಾಲ್ಕು ದಿನದೊಳಗೆ ಬರುತ್ತದೆ. ಎಲ್ಲರಿಗೂ ಬರುವುದಿಲ್ಲ, ಕೆಲವರಿಗೆ ಬರುತ್ತದೆ. ಕೊರಳು, ಭುಜ, ತೊಡೆಯ ಸ್ನಾಯುಗಳು, ನುಂಗುವ ಸ್ನಾಯುಗಳು, ಕಡೆಗೆ ಉಸಿರೆಳೆಯುವ ಸ್ನಾಯುಗಳು ಸೋಲುತ್ತವೆ. ಇದಕ್ಕೆ ಅಟ್ರೋಪಿನ್ ಕೆಲಸ ಮಾಡುವುದಿಲ್ಲ. ಸ್ನಾಯು ತಾನಾಗಿ ಚೇತರಿಸಿಕೊಳ್ಳುವವರೆಗೆ ಯಂತ್ರದಿಂದ ಉಸಿರಾಡಿಸಬೇಕು. ಮೊದಲು ಸೋಲುವುದು ಬಹುತೇಕ ಕೊರಳು. ಆದ್ದರಿಂದ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ: ದಿಂಬಿನಿಂದ ತಲೆಯನ್ನು ಎತ್ತಿ ಹಿಡಿಯಲು ಹೇಳಿದರೆ ಸಾಕು. ಅವಳು ಯತ್ನಿಸಿದಳು, ಕತ್ತಿನ ನರಗಳು ಉಬ್ಬಿದವೇ ಹೊರತು ತಲೆ ಒಂದು ಬೆರಳಿನಷ್ಟೂ ಮೇಲೇಳಲಿಲ್ಲ.

ಆಗ ಹಾಸಿಗೆಯ ಬಳಿ ಇದ್ದ ಕಿರಿಯ ವೈದ್ಯರು ಬೇರೆ ಯೋಚನೆಯಲ್ಲಿದ್ದರು. ಬಾಯ ಕೊನೆಯಿಂದ ಜೊಲ್ಲು ಇಳಿಯುತ್ತಿತ್ತು. ಮತ್ತೆ ಸ್ರಾವ ಆರಂಭವಾಯಿತು, ಅಟ್ರೋಪಿನ್ ಹೆಚ್ಚಿಸೋಣವೆಂದು ಅವರು ಹೇಳಿದರು. ಇದು ಸುಲಭವಾಗಿ ಬೀಳುವ ಬಲೆ. ಇನ್‌ಚಾರ್ಜ್ ಸಿಸ್ಟರು ನನ್ನ ಕಡೆ ನೋಡಿದರು. ಒಂದು ಗಂಟೆಯ ಮುಂಚೆ ನಾನು ಅಟ್ರೋಪಿನ್ ಬಲ್ಲೆನೆಂದು ಎಲ್ಲರ ಮುಂದೆ ಹೇಳಿಕೊಂಡಿದ್ದೆ; ಆ ಮಾತಿನ ಸಾಲವನ್ನು ತೀರಿಸುವ ಹೊತ್ತು ಬಂತು. “ಸರ್, ಕಂಕುಳು ಒಣಗಿದೆ. ಪಾಪೆ ಅಗಲವಾಗಿದೆ. ನಾಡಿ ನೂರ ಹದಿನೆಂಟು. ಎದೆಯನ್ನು ಒಮ್ಮೆ ಕೇಳಬೇಕು,” ಎಂದೆ. ಅವರು ಕೇಳಿದರು, ಸ್ವಚ್ಛವಾಗಿತ್ತು. ಜೊಲ್ಲು ಹೊಸದಾಗಿ ಊರುತ್ತಿದ್ದರೆ ಎದೆಯಲ್ಲಿಯೂ ಸದ್ದಿರಬೇಕು, ಪಾಪೆಯೂ ಕಿರಿದಾಗಬೇಕು. ಉಳಿದೆಲ್ಲವೂ ಒಣಗಿದ್ದು ಬಾಯಿ ಮಾತ್ರ ತುಂಬಿದ್ದರೆ, ಅವಳು ನುಂಗಲಾರಳು ಎಂದೇ ಅರ್ಥ. ಕಿರಿಯ ವೈದ್ಯರು ಒಂದು ಕ್ಷಣ ಸುಮ್ಮನಿದ್ದು ಹಿರಿಯರಿಗೆ ಫೋನು ಮಾಡಿದರು. ದಾದಿಯ ಮಾತನ್ನು ಕೇಳಿ ಎದೆಗೆ ನಳಿಕೆ ಹಚ್ಚಿದ ಅವರ ಸೌಜನ್ಯವನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾದೀತು, ಎಲ್ಲರೂ ಹಾಗಿರುವುದಿಲ್ಲ.

ಬೆರಳಿನ ಯಂತ್ರ ಆಗಲೂ 97 ಎನ್ನುತ್ತಿತ್ತು. ಗಂಡನು ಅದನ್ನೇ ನೋಡುತ್ತ ನಿಂತಿದ್ದ. ಅಂಕಿ ಚೆನ್ನಾಗಿದೆಯಲ್ಲವೇ ಎಂದು ಕೇಳಿದ. ಮೂಗಿಗೆ ಆಮ್ಲಜನಕ ನಡೆಯುತ್ತಿರುವಾಗ ಆ ಅಂಕಿ ಬಹಳ ಹೊತ್ತು ಕೆಳಗಿಳಿಯುವುದಿಲ್ಲ. ಇಳಿಯುವ ಹೊತ್ತಿಗೆ ಸ್ನಾಯು ಪೂರ್ಣ ಸೋತಿರುತ್ತದೆ. ಅದಕ್ಕಿಂತ ಮುಂಚಿತವಾಗಿ ತಿಳಿಯುವ ಉಪಾಯ ಒಂದಿದೆ. ಪೂರ್ಣ ಉಸಿರು ತೆಗೆದುಕೊಂಡು, ಆ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಎಣಿಸಲು ರೋಗಿಗೆ ಹೇಳುವುದು. ಆರೋಗ್ಯವಂತರು ಮೂವತ್ತು ದಾಟಿ ಸುಲಭವಾಗಿ ಹೋಗುತ್ತಾರೆ. ಹದಿನೈದರ ಕೆಳಗೆ ನಿಂತರೆ ಎಚ್ಚರಗೊಳ್ಳಬೇಕು. ಎಣಿಕೆಯನ್ನು ರೋಗಿಯ ಭಾಷೆಯಲ್ಲಿಯೇ ಮಾಡಿಸಬೇಕು. ಬಾರದ ಭಾಷೆಯಲ್ಲಿ ಎಣಿಸುವವರು ನೆನಪಿಗಾಗಿ ತಡವರಿಸಿದುದನ್ನು ಉಸಿರಿನ ಸೋಲೆಂದು ಭ್ರಮಿಸುವುದುಂಟು. ಅವಳು ಒಕಟಿ, ರೆಂಡು, ಮೂಡು ಎಂದು ಆರಂಭಿಸಿ ಹದಿನಾಲ್ಕಕ್ಕೆ ನಿಂತಳು. ಹತ್ತು ಗಂಟೆಗೆ ಹನ್ನೆರಡು. ಹನ್ನೊಂದಕ್ಕೆ ಒಂಬತ್ತು. ನಾನು ಪ್ರತಿಯೊಂದನ್ನೂ ಗಂಟೆಯ ಸಮೇತ ಬರೆದೆ. ಒಂದು ಎಣಿಕೆಯಿಂದ ಏನೂ ನಿಶ್ಚಯವಾಗುವುದಿಲ್ಲ, ಹೆದರಿದವಳೂ ಕಡಿಮೆ ಎಣಿಸಬಹುದು. ಮೂರು ಎಣಿಕೆಗಳು ಇಳಿಜಾರಿನಲ್ಲಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ಹಿರಿಯ ವೈದ್ಯರು ಆ ಮೂರು ಅಂಕಿಗಳನ್ನು ನೋಡಿ ಮಾತಾಡದೆ ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಸಿದ್ಧಮಾಡಿಸಿದರು. ಹನ್ನೆರಡು ದಾಟುವುದರೊಳಗೆ ಅವಳ ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಜೋಡಿಸಿದರು. ಅವಸರವಿಲ್ಲದೆ, ಉಸಿರು ಕಟ್ಟುವ ಮುಂಚೆ, ಹಗಲಿನ ಬೆಳಕಿನಲ್ಲಿ ನಡೆದ ಕೆಲಸ ಅದು. ಅದೇ ಕೆಲಸ ರಾತ್ರಿ ಮೂರು ಗಂಟೆಗೆ ಉಸಿರು ನಿಂತ ಮೇಲೆ ನಡೆದಿದ್ದರೆ ಹೇಗಿರುತ್ತಿತ್ತೆಂಬುದನ್ನು ತುರ್ತು ಚಿಕಿತ್ಸೆಯಲ್ಲಿ ನಾಲ್ಕು ವರ್ಷವಿದ್ದ ನಾನು ಬಲ್ಲೆ.

ಕೊಳವೆ ಇಳಿಸುವ ಮುನ್ನ ಅವಳಿಗೆ ಒಂದು ಮಾತು ಹೇಳಬೇಕಾಗಿತ್ತು. ಈ ಸೋಲಿನಲ್ಲಿ ಪ್ರಜ್ಞೆ ಕೆಡುವುದಿಲ್ಲ. ರೋಗಿ ಎಲ್ಲವನ್ನೂ ಕೇಳುತ್ತಿರುತ್ತಾಳೆ, ಉತ್ತರ ಕೊಡಲಾರಳು. “ಇನ್ನು ಕೆಲವು ದಿನ ನಿನಗೆ ಮಾತು ಬರುವುದಿಲ್ಲ. ಕೊಳವೆ ತೆಗೆದ ಮೇಲೆ ಬರುತ್ತದೆ. ಹೌದಾದರೆ ಒಂದು ಸಲ ಕಣ್ಣು ಮುಚ್ಚು, ಅಲ್ಲವಾದರೆ ಎರಡು ಸಲ,” ಎಂದು ತೆಲುಗಿನಲ್ಲಿ ಹೇಳಿದೆ. ಅವಳು ಒಂದು ಸಲ ಕಣ್ಣು ಮುಚ್ಚಿದಳು. ನಿಗಾ ಘಟಕದ ದಾದಿ ತಮಿಳಿನವಳು. ಅವಳಿಗಾಗಿ ನೋವು, ನೀರು, ಉಸಿರು, ಮಗು ಎಂಬ ನಾಲ್ಕು ತೆಲುಗು ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಹಾಸಿಗೆಯ ತಲೆಯ ಕಡೆ ಅಂಟಿಸಿ ಬಂದೆ. ಮಗು ಎಂಬ ಮಾತು ಬೇಕೆಂದು ತೋರಿದ್ದು ಅವಳಿಗೆ ಮೂರು ವರ್ಷದ ಹುಡುಗಿ ಇದ್ದಾಳೆಂದು ಗಂಡನಿಂದ ತಿಳಿದುದರಿಂದ.

ಒಂಬತ್ತನೆಯ ದಿನ ಕೊಳವೆ ತೆಗೆದರು. ಅಷ್ಟರಲ್ಲಿ ನಾನು ದಿನವೂ ಎರಡು ಗಂಟೆಗೆ ಪಾಳಿ ಮುಗಿದ ಮೇಲೆ ಅರ್ಧಗಂಟೆ ನಿಗಾ ಘಟಕದಲ್ಲಿ ನಿಂತು ವೆಂಟಿಲೇಟರಿನ ಕೂಗುಗಳನ್ನು ಕಲಿಯುತ್ತಿದ್ದೆ: ಒತ್ತಡ ಹೆಚ್ಚಾಯಿತೆಂದು ಕೂಗಿದರೆ ಕಫ ಕಟ್ಟಿದೆಯೋ ಕೊಳವೆ ಮಡಿಸಿದೆಯೋ ನೋಡಬೇಕು, ಒತ್ತಡ ಬಿತ್ತೆಂದು ಕೂಗಿದರೆ ಎಲ್ಲಿಯೋ ಜೋಡಣೆ ಬಿಟ್ಟಿದೆ. ಕಾರಣ ಕೂಡಲೆ ಕಾಣದಿದ್ದರೆ ಯಂತ್ರವನ್ನು ಬಿಡಿಸಿ ಕೈಚೀಲದಿಂದ ಉಸಿರು ಕೊಡುತ್ತ ಸಹಾಯಕ್ಕೆ ಕೂಗಬೇಕು. ಕಲಿಸಿದವಳು ಆ ತಮಿಳಿನ ಹುಡುಗಿಯೇ. ಬಾರದೆಂದು ಮೊದಲ ದಿನವೇ ಹೇಳಿದ್ದರಿಂದ ಕೇಳಲು ನನಗೆ ಸಂಕೋಚವಿರಲಿಲ್ಲ. ಕಲಿಸಲು ಅವಳಿಗೂ ಇರಲಿಲ್ಲ.

ಇನ್‌ಚಾರ್ಜ್ ಸಿಸ್ಟರು ಇದಾದ ಮೇಲೆ ಒಂದು ಸಣ್ಣ ಮಾರ್ಪಾಡು ಮಾಡಿದರು. ಹಂಚಿಕೆಯ ಹಾಳೆಯಲ್ಲಿ ಪ್ರತಿ ದಾದಿಯ ಹೆಸರಿನ ಮುಂದೆ ಅವಳಿಗೆ ಬರುವ ಭಾಷೆಗಳನ್ನು ಬರೆಸಿದರು. ಒಂದೊಂದು ಪಾಳಿಯಲ್ಲಿಯೂ ತೆಲುಗು ಬಲ್ಲವಳೊಬ್ಬಳು ಇರುವಂತೆ ನೋಡುತ್ತಾರೆ. ಎಲ್ಲ ರಾತ್ರಿಯೂ ಇದು ಸಾಧ್ಯವಾಗುವುದಿಲ್ಲ. ಇರುವ ಕೈಗಳೇ ಕಡಿಮೆ. ಸಾಧ್ಯವಾಗದ ರಾತ್ರಿಗಳಿಗಾಗಿ ಇನ್ನೊಂದು ಕಟ್ಟಳೆ ಇದೆ. ರೋಗಿಯು ಹೇಳಿದ ಮಾತನ್ನು ಅವಳ ಭಾಷೆಯಲ್ಲಿಯೇ, ಕಿವಿಗೆ ಬಿದ್ದಂತೆ, ಕನ್ನಡ ಅಕ್ಷರದಲ್ಲಿ ಪುಸ್ತಕದಲ್ಲಿ ಬರೆಯಬೇಕು. ಅರ್ಥವನ್ನು ಬೆಳಿಗ್ಗೆ ಬಲ್ಲವರು ಹೇಳುತ್ತಾರೆ, ತುರ್ತೆಂದು ತೋರಿದರೆ ಪಕ್ಕದ ವಾರ್ಡಿನಿಂದ ಕರೆಯುತ್ತಾರೆ. ಹಾಸನದ ಹುಡುಗಿಯ ಬರವಣಿಗೆ ದುಂಡಗೆ, ಅಂದವಾಗಿದೆ. ಈಗ ಅವಳ ರಿಪೋರ್ಟಿನಲ್ಲಿ ತೆಲುಗು, ಉರ್ದು, ತಮಿಳು ಮೂರೂ ಕನ್ನಡದ ಉಡುಪು ತೊಟ್ಟು ಸಾಲಾಗಿ ನಿಂತಿರುತ್ತವೆ. ಲೆಕ್ಕ ತಪಾಸಣೆಗೆ ಬಂದ ಒಬ್ಬ ಮಹಾಶಯರು ಇದೇನು, ಯಾವ ಭಾಷೆಯ ಪುಸ್ತಕ ಎಂದು ಕೇಳಿದರಂತೆ. ಕೋಲಾರದ್ದು ಎಂದು ಆಯಾ ಉತ್ತರ ಕೊಟ್ಟಳಂತೆ.